ಮೂಲೆಯನ್ನು ಎರಡು ಸಲ ಎಣಿಸಬೇಡಿ: ಸೆಂಟರ್ ಲೈನ್ ಲೆಕ್ಕವೋ, ಉದ್ದಗೋಡೆ–ಅಡ್ಡಗೋಡೆ ಲೆಕ್ಕವೋ?

ಚಿಂತಾಮಣಿಯಲ್ಲಿ ನಮ್ಮಕ್ಕ ಎರಡು ರೂಮಿನ ಮನೆ ಕಟ್ಟಿಸುವಾಗ ಪಾಯದ ಬಿಲ್ಲಿಗೆ ಒಂದು ಸಣ್ಣ ಜಗಳ ಆಯಿತು. ಸೈಜುಗಲ್ಲಿನ ಪಾಯ. ಮೇಸ್ತ್ರಿ ಹೊರಗಡೆಯಿಂದ ನಾಲ್ಕೂ ಬದಿ ಟೇಪ್ ಹಿಡಿದು ಅಳೆದರು. ನಡುವಿನ ಅಡ್ಡಗೋಡೆಯನ್ನೂ ಸೇರಿಸಿದರು. ಕಲ್ಲಿನ ಕೆಲಸ ಸುಮಾರು 861 ಘನ ಅಡಿ ಅಂತ ಚೀಟಿ ಬರೆದು ಕೊಟ್ಟರು. ಪ್ಲಾನ್ ನೋಡಿ ನಾನು ಹಾಕಿದ್ದ ಲೆಕ್ಕ 798 ಘನ ಅಡಿ.

"ಟೇಪು ಸುಳ್ಳು ಹೇಳುತ್ತಾ ಸಾರ್?" ಅಂದರು ಮೇಸ್ತ್ರಿ.

ಟೇಪು ಸುಳ್ಳು ಹೇಳಿರಲಿಲ್ಲ. ಅವರು ಬರೆದಿದ್ದ ಒಂದೊಂದು ಉದ್ದವೂ ಸರಿಯಾಗಿಯೇ ಇತ್ತು. ಆದರೆ ನಾಲ್ಕು ಮೂಲೆಯ ಕಲ್ಲು ಎರಡೆರಡು ಸಲ ಲೆಕ್ಕಕ್ಕೆ ಬಂದಿತ್ತು. 63 ಘನ ಅಡಿ ಅಂದರೆ ನೂರಕ್ಕೆ ಎಂಟರಷ್ಟು ಜಾಸ್ತಿ. ಇದೇ ಮನೆಯನ್ನು ಮುಂದಿಟ್ಟುಕೊಂಡು, ಮೂಲೆಯ ತಪ್ಪು ಆಗದ ಎರಡು ಲೆಕ್ಕಗಳನ್ನು ಹೋಲಿಸಿ ನೋಡೋಣ.

ಮನೆಯ ಅಳತೆ

ಎರಡು ರೂಮು ಅಕ್ಕಪಕ್ಕ. ಒಂದರ ಒಳ ಅಳತೆ 10 ಅಡಿ 3 ಇಂಚು, ಇನ್ನೊಂದರದು 14 ಅಡಿ 3 ಇಂಚು. ಎರಡಕ್ಕೂ ಇನ್ನೊಂದು ಬದಿ 11 ಅಡಿ 3 ಇಂಚು. ಗೋಡೆಗಳೆಲ್ಲ 9 ಇಂಚು. ಅಂದರೆ ಉದ್ದಕ್ಕೆ ಎರಡು ಗೋಡೆ, ಅಡ್ಡಕ್ಕೆ ಮೂರು ಗೋಡೆ.

ಪಾಯಕ್ಕೆ 3 ಅಡಿ ಅಗಲ, 4 ಅಡಿ ಆಳ ಅಗೆಸಿದ್ದೆವು. ಅದರೊಳಗೆ 6 ಇಂಚು ಬೆಡ್ ಕಾಂಕ್ರೀಟ್. ಮೇಲೆ 2 ಅಡಿ ಅಗಲ, 2 ಅಡಿ ಎತ್ತರದ ಮೊದಲ ಕಲ್ಲಿನ ಸ್ಟೆಪ್. ಅದರ ಮೇಲೆ ಒಂದೂವರೆ ಅಡಿ ಅಗಲದ ಎರಡನೇ ಸ್ಟೆಪ್. ಇದು ನೆಲದೊಳಗೆ ಒಂದೂವರೆ ಅಡಿ, ನೆಲದ ಮೇಲೆ 2 ಅಡಿ, ಒಟ್ಟು ಮೂರೂವರೆ ಅಡಿ ಎತ್ತರ. ಅಲ್ಲಿಂದ ಮೇಲಕ್ಕೆ 9 ಇಂಚಿನ ಗೋಡೆ.

ಉದ್ದಗೋಡೆ–ಅಡ್ಡಗೋಡೆ ಲೆಕ್ಕ

ಡಿಪ್ಲೊಮಾ ಓದಿದವರು ಇದನ್ನು ಲಾಂಗ್ ವಾಲ್–ಶಾರ್ಟ್ ವಾಲ್ ಅನ್ನುತ್ತಾರೆ. ಒಂದು ದಿಕ್ಕಿನ ಗೋಡೆಗಳನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಹಿಡಿಯಬೇಕು. ಇನ್ನೊಂದು ದಿಕ್ಕಿನವನ್ನು ಒಳ ಅಂಚಿನಿಂದ ಒಳ ಅಂಚಿಗೆ ಹಿಡಿಯಬೇಕು. ಆಗ ಮೂಲೆಗಳೆಲ್ಲ ಉದ್ದಗೋಡೆಯ ಪಾಲಿಗೆ ಹೋಗುತ್ತವೆ, ಅಡ್ಡಗೋಡೆಗೆ ಉಳಿಯುವುದು ನಡುವಿನ ತುಂಡು ಮಾತ್ರ.

ನಮ್ಮ ಮನೆಯ ಪಾಯದ ಗುಂಡಿಗೆ ಇದನ್ನು ಹಾಕಿ ನೋಡಿ. ಗೋಡೆಯ ಮಟ್ಟದಲ್ಲಿ ಹೊರಗಿನ ಉದ್ದ 26 ಅಡಿ 9 ಇಂಚು. ಗುಂಡಿ 3 ಅಡಿ ಅಗಲ, ಗೋಡೆ ಮುಕ್ಕಾಲು ಅಡಿ. ಹಾಗಾಗಿ ಗುಂಡಿ ಗೋಡೆಯಿಂದ ಒಂದೊಂದು ಬದಿಗೆ 1.125 ಅಡಿ ಹೊರಚಾಚುತ್ತದೆ. ಎರಡು ತುದಿಗೂ ಸೇರಿಸಿದರೆ ಉದ್ದ 29 ಅಡಿ. ಇಂಥವು ಎರಡು, ಅಂದರೆ 58 ಅಡಿ. ಅಡ್ಡಗೋಡೆಯ ಒಳ ಅಳತೆ 11 ಅಡಿ 3 ಇಂಚು. ಅದರಲ್ಲಿ ಎರಡು ಕಡೆಯ ಚಾಚು ಕಳೆದರೆ 9 ಅಡಿ. ಇಂಥವು ಮೂರು, 27 ಅಡಿ. ಒಟ್ಟು 85 ಅಡಿ.

ಮೇಲಕ್ಕೆ ಹೋದ ಹಾಗೆ ಅಗಲ ಕಡಿಮೆಯಾಗುತ್ತದೆ. ಆಗ ಉದ್ದಗೋಡೆ ಚಿಕ್ಕದಾಗುತ್ತಾ ಬರುತ್ತದೆ, ಅಡ್ಡಗೋಡೆ ದೊಡ್ಡದಾಗುತ್ತಾ ಬರುತ್ತದೆ. ಈ ಲೆಕ್ಕದಲ್ಲಿ ಜನ ಎಡವುವುದು ಇಲ್ಲೇ. ಒಂದು ಮಟ್ಟದಲ್ಲಿ ಯಾವುದನ್ನು ಹೊರ ಅಂಚಿಗೆ ಹಿಡಿದಿದ್ದೀರೋ ಕೊನೆಯವರೆಗೂ ಅದನ್ನೇ ಹಾಗೆ ಹಿಡಿಯಿರಿ. ಚಿಕ್ಕ ಬದಿಯ ಗೋಡೆಯನ್ನೇ ಹೊರ ಅಂಚಿಗೆ ಹಿಡಿದರೂ ತಪ್ಪಿಲ್ಲ. ಮಧ್ಯದಲ್ಲಿ ಬದಲಾಯಿಸಬಾರದು, ಅಷ್ಟೇ.

ಸೆಂಟರ್ ಲೈನ್ ಲೆಕ್ಕ

ಸೈಟಿನಲ್ಲಿ ಗೂಟ ಹೊಡೆದು ದಾರ ಕಟ್ಟಿ ಮಾರ್ಕಿಂಗ್ ಮಾಡುತ್ತಾರಲ್ಲ, ಆ ದಾರವೇ ಸೆಂಟರ್ ಲೈನ್. ಗೋಡೆಯ ನಡುಮಧ್ಯದ ಗೆರೆ. ಗುಂಡಿ, ಬೆಡ್, ಎರಡು ಸ್ಟೆಪ್, ಗೋಡೆ ಎಲ್ಲವೂ ಆ ಗೆರೆಯ ಎರಡೂ ಬದಿಗೆ ಸಮನಾಗಿ ಹರಡಿಕೊಂಡಿರುತ್ತವೆ. ಅಗಲ ಬದಲಾದರೂ ಗೆರೆ ಅಲ್ಲಾಡುವುದಿಲ್ಲ.

ನಮ್ಮ ಮನೆಯಲ್ಲಿ ಒಳ ಅಳತೆಗೆ ಆಚೆ ಈಚೆ ಅರ್ಧರ್ಧ ಗೋಡೆ ಸೇರಿಸಿದರೆ ಸೆಂಟರ್‌ನಿಂದ ಸೆಂಟರ್‌ಗೆ ಅಳತೆ ಸಿಗುತ್ತದೆ. ಒಂದು ರೂಮು 11 ಅಡಿ, ಇನ್ನೊಂದು 15 ಅಡಿ, ಅಡ್ಡಕ್ಕೆ 12 ಅಡಿ. ಉದ್ದದ ಗೆರೆ 26 ಅಡಿಯದು ಎರಡು, 52 ಅಡಿ. ಅಡ್ಡದ ಗೆರೆ 12 ಅಡಿಯದು ಮೂರು, 36 ಅಡಿ. ಒಟ್ಟು 88 ಅಡಿ. ಈ 88 ಒಂದು ಸಲ ಸಿಕ್ಕಿತು ಅಂದರೆ ಪ್ರತಿ ಮಟ್ಟಕ್ಕೂ ಬೇಕಾಗುವುದು ಒಂದು ಸಣ್ಣ ಕಳೆಯುವ ಲೆಕ್ಕ.

ಏನನ್ನು ಕಳೆಯಬೇಕು ಅನ್ನುವುದಕ್ಕೆ ಮೊದಲು, ಮೂಲೆಯಲ್ಲಿ ಏಕೆ ಏನೂ ಕಳೆಯಬಾರದು ಅನ್ನುವುದನ್ನು ನೋಡಬೇಕು. ಒಂದು ಮೂಲೆಯ ಚೌಕವನ್ನು ಕಾಗದದ ಮೇಲೆ ಬರೆದು ನಾಲ್ಕು ಭಾಗ ಮಾಡಿ. ಎರಡು ಗೆರೆಯೂ ಚೌಕದ ನಡುವಿಗೆ ಬಂದು ನಿಲ್ಲುತ್ತವೆ. ಹಾಗಾಗಿ ಒಂದು ಗೋಡೆ ಚೌಕದ ಅರ್ಧ ಮುಚ್ಚುತ್ತದೆ, ಇನ್ನೊಂದು ಗೋಡೆಯೂ ಅರ್ಧ ಮುಚ್ಚುತ್ತದೆ. ಆದರೆ ರೂಮಿನ ಕಡೆಯ ಕಾಲುಭಾಗವನ್ನು ಎರಡೂ ಮುಚ್ಚಿವೆ. ಹೊರಗಿನ ಕಾಲುಭಾಗವನ್ನು ಯಾವುದೂ ಮುಚ್ಚಿಲ್ಲ. ಒಳಗೆ ಕಾಲು ಜಾಸ್ತಿ, ಹೊರಗೆ ಕಾಲು ಕಡಿಮೆ. ಸರಿಗೆ ಸರಿ. ಎರಡು ಗೋಡೆಯ ಅಗಲ ಬೇರೆಬೇರೆ ಇದ್ದರೂ ಚೌಕದ ಬದಲು ಉದ್ದಚೌಕ ಆಗುತ್ತದೆಯೇ ಹೊರತು ಲೆಕ್ಕ ಹೀಗೆಯೇ ಸರಿಹೋಗುತ್ತದೆ.

ಅಡ್ಡಗೋಡೆ ಬಂದು ಉದ್ದಗೋಡೆಯ ನಡುವೆ ಸೇರುವ ಜಾಗ ಹಾಗಲ್ಲ. ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕಾಣುವುದರಿಂದ ಅದಕ್ಕೆ ಟಿ ಜಂಕ್ಷನ್ ಅನ್ನುತ್ತಾರೆ. ಅಲ್ಲಿ ಉದ್ದಗೋಡೆ ಮುಂದಕ್ಕೆ ಹೋಗಿಯೇ ಹೋಗುತ್ತದೆ, ಆ ಜಾಗ ಪೂರ್ತಿ ಅದರದ್ದೇ. ಅಡ್ಡಗೋಡೆಯ ಗೆರೆ ಮಾತ್ರ ಅದರೊಳಗೆ ಅರ್ಧದಷ್ಟು ನುಗ್ಗಿ ನಿಂತಿದೆ. ಆ ಅರ್ಧ ಅಗಲ ಎರಡು ಸಲ ಎಣಿಕೆಯಾಯಿತು, ಅದಕ್ಕೆ ಸರಿದೂಗುವ ಖಾಲಿ ಜಾಗ ಎಲ್ಲೂ ಇಲ್ಲ. ಹಾಗಾಗಿ ಪ್ರತಿ ಟಿ ಜಂಕ್ಷನ್‌ಗೂ ಅರ್ಧ ಅಗಲ ಕಳೆಯಬೇಕು. ಎರಡು ಗೋಡೆ ಒಂದನ್ನೊಂದು ದಾಟಿ ಹೋಗುವ ಕೂಡುಗುರುತಿನಂಥ ಜಾಗ ಇದ್ದರೆ ಅದನ್ನು ಎರಡು ಟಿ ಅಂತ ಲೆಕ್ಕ ಹಿಡಿಯಿರಿ, ಪೂರ್ತಿ ಒಂದು ಅಗಲ ಹೋಗುತ್ತದೆ.

ಅಕ್ಕನ ಮನೆಯಲ್ಲಿ ಟಿ ಜಂಕ್ಷನ್ ಇರುವುದು ಎರಡೇ, ನಡುವಿನ ಗೋಡೆಯ ಎರಡು ತುದಿ. ಎರಡು ಅರ್ಧ ಸೇರಿ ಒಂದು ಅಗಲ. ಅಂದರೆ ಪ್ರತಿ ಮಟ್ಟದಲ್ಲೂ 88ರಲ್ಲಿ ಆ ಮಟ್ಟದ ಅಗಲ ಕಳೆದರೆ ಮುಗಿಯಿತು.

| ಮಟ್ಟ | ಅಗಲ (ಅಡಿ) | ಸೆಂಟರ್ ಲೈನ್ | ಉದ್ದ + ಅಡ್ಡ ಗೋಡೆ | ಉದ್ದ (ಅಡಿ) |
|---|---|---|---|---|
| ಗುಂಡಿ, ಬೆಡ್ | 3 | 88 − 3 | 58 + 27 | 85 |
| ಮೊದಲ ಸ್ಟೆಪ್ | 2 | 88 − 2 | 56 + 30 | 86 |
| ಎರಡನೇ ಸ್ಟೆಪ್ | 1.5 | 88 − 1.5 | 55 + 31.5 | 86.5 |
| ಗೋಡೆ | 0.75 | 88 − 0.75 | 53.5 + 33.75 | 87.25 |

ಅಗೆತ 85 × 3 × 4, ಅಂದರೆ 1020 ಘನ ಅಡಿ. ಬೆಡ್ 127.5. ಕಲ್ಲಿನ ಮೊದಲ ಸ್ಟೆಪ್ 86 × 2 × 2, 344 ಘನ ಅಡಿ. ಎರಡನೆಯದು 86.5 × 1.5 × 3.5, ಸುಮಾರು 454. ಎರಡೂ ಸೇರಿ 798. ಮೇಸ್ತ್ರಿ ಮೊದಲ ಸ್ಟೆಪ್‌ಗೆ 94 ಅಡಿ, ಎರಡನೆಯದಕ್ಕೆ 92.5 ಅಡಿ ಹಿಡಿದಿದ್ದರು. ಮೊದಲನೆಯದರಲ್ಲಿ 8 ಅಡಿ ಜಾಸ್ತಿ. 2 ಅಡಿ ಅಗಲದ ನಾಲ್ಕು ಮೂಲೆ! ಎರಡನೆಯದರಲ್ಲಿ 6 ಅಡಿ, ಒಂದೂವರೆ ಅಡಿಯ ನಾಲ್ಕು ಮೂಲೆ. ಇದನ್ನು ತೋರಿಸಿದ ಮೇಲೆ ಮೇಸ್ತ್ರಿ ಮರುಮಾತಾಡಲಿಲ್ಲ, ಚೀಟಿ ಹರಿದು ಬೇರೆ ಬರೆದರು.

ಹೊರಗಿನಿಂದ ಅಳೆದದ್ದನ್ನೇ ಇಟ್ಟುಕೊಂಡು ಸರಿಮಾಡಬೇಕು ಅಂದರೆ ಅದಕ್ಕೂ ದಾರಿ ಇದೆ. ಹೊರ ಸುತ್ತಳತೆಯಲ್ಲಿ ನಾಲ್ಕು ಅಗಲ ಕಳೆಯಿರಿ. ಗೋಡೆ ಮಟ್ಟದಲ್ಲಿ ಸುತ್ತ 79 ಅಡಿ, 3 ಅಡಿ ಕಳೆದರೆ 76. ಅದು ಹೊರಗೋಡೆಗಳ ಸೆಂಟರ್ ಲೈನೇ. ಬರೀ ಒಳ ಅಳತೆ ಕೂಡಿಸುವವರೂ ಇದ್ದಾರೆ. ಅವರಿಗೆ ಗೋಡೆ 82.75 ಅಡಿ ಬರುತ್ತದೆ, ನಾಲ್ಕೂವರೆ ಅಡಿ ಕಡಿಮೆ. ಇಟ್ಟಿಗೆ ಕಡಿಮೆ ಬೀಳುವುದು ಕೊನೇ ವರಸೆಗೆ ಬಂದಾಗಲೇ ಗೊತ್ತಾಗುತ್ತದೆ.

ಹಾಗಾದರೆ ಯಾವುದು?

ಪ್ಲಾನ್ ಮುಂದಿಟ್ಟುಕೊಂಡು ಎಸ್ಟಿಮೇಟ್ ಹಾಕುವಾಗ ನನ್ನ ಓಟು ಸೆಂಟರ್ ಲೈನ್‌ಗೆ. ಗೆರೆ ಒಂದೇ ಸಲ ಕೂಡಿಸುತ್ತೀರಿ, ಜಂಕ್ಷನ್ ಒಂದೇ ಸಲ ಎಣಿಸುತ್ತೀರಿ. ಗುಂಡಿ 3 ಅಡಿಯಿಂದ ಮೂರೂವರೆ ಅಡಿಗೆ ಬದಲಾಯಿತು ಅಂದುಕೊಳ್ಳಿ. ಉದ್ದಗೋಡೆ–ಅಡ್ಡಗೋಡೆ ಲೆಕ್ಕದಲ್ಲಿ ಆ ಮಟ್ಟದ ಪ್ರತಿ ಗೋಡೆಯನ್ನೂ ಮತ್ತೆ ಹಾಕಬೇಕು. ಸೆಂಟರ್ ಲೈನ್‌ನಲ್ಲಿ 88ರಲ್ಲಿ 3ರ ಬದಲು 3.5 ಕಳೆದರೆ ಆಯಿತು. ನಾಲ್ಕೈದು ರೂಮಿನ ಮನೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಆದರೆ ಕೆಲಸ ಮುಗಿದ ಮೇಲೆ ಬಿಲ್ಲಿಗೆ ಅಳೆಯುವಾಗ ಉದ್ದಗೋಡೆ–ಅಡ್ಡಗೋಡೆ ಒಳ್ಳೆಯದು. ಅಳತೆ ಪುಸ್ತಕದಲ್ಲಿ ಒಂದೊಂದು ಗೋಡೆಗೂ ಒಂದೊಂದು ಸಾಲು ಇರುತ್ತದೆ: ಎಷ್ಟು, ಉದ್ದ, ಅಗಲ, ಎತ್ತರ. ಮೊದಲ ಸ್ಟೆಪ್‌ನ ಒಂದು ಉದ್ದಗೋಡೆ 28 ಅಡಿ ಇದೆಯಾ ಅಂತ ಯಾರು ಬೇಕಾದರೂ ಟೇಪ್ ಹಿಡಿದು ನೋಡಬಹುದು. 86 ಅಡಿ ಅನ್ನುವ ಸಂಖ್ಯೆಯನ್ನು ಸೈಟಿನಲ್ಲಿ ಯಾವ ಟೇಪೂ ತೋರಿಸುವುದಿಲ್ಲ. ಮೇಸ್ತ್ರಿಗೆ ನನ್ನ ಲೆಕ್ಕ ಮೊದಲು ಅನುಮಾನ ಹುಟ್ಟಿಸಿದ್ದು ಅದಕ್ಕೇ. ಕೊನೆಗೆ ಅವರಿಗೆ ಒಪ್ಪಿಗೆಯಾಗಿದ್ದು ಉದ್ದಗೋಡೆ–ಅಡ್ಡಗೋಡೆಯ ಸಾಲುಗಳನ್ನು ತೋರಿಸಿದಾಗಲೇ.

ಬಿಲ್ಲಿನ ವಿಷಯದಲ್ಲೂ ಸೆಂಟರ್ ಲೈನ್ ಗೆಲ್ಲುವ ಒಂದು ಸಂದರ್ಭ ಇದೆ. ಮಣ್ಣು ತುಂಬಿ ಮುಚ್ಚಿದ ಮೇಲೆ ಮೊದಲ ಸ್ಟೆಪ್‌ನ ಹೊರ ಅಂಚು ಕೈಗೆ ಸಿಗುವುದಿಲ್ಲ. ಆದರೆ ಗೋಡೆಯ ಗೆರೆ ಮೇಲೆಯೇ ಇರುತ್ತದಲ್ಲ. ಮುಚ್ಚುವ ಮೊದಲು ಪ್ರತಿ ಸ್ಟೆಪ್‌ನ ಅಗಲ, ಎತ್ತರ ಎರಡನ್ನು ಬರೆದಿಟ್ಟುಕೊಂಡಿದ್ದರೆ ಸಾಕು, ಉದ್ದವನ್ನು ಯಾವಾಗ ಬೇಕಾದರೂ ತೆಗೆಯಬಹುದು. ಗೋಡೆಯ ನಡುಮಧ್ಯ ಹುಡುಕುವ ಕಷ್ಟವೂ ಬೇಡ. ಎರಡು ಗೋಡೆಯ ದಪ್ಪ ಒಂದೇ ಇದ್ದರೆ, ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಟೇಪ್ ಹಿಡಿಯಿರಿ. ಅದೇ ಸೆಂಟರ್‌ನಿಂದ ಸೆಂಟರ್.

ಬಾಗಿಲಿನ ಬಗ್ಗೆ ಒಂದು ಮಾತು. ಪಾಯ ಬಾಗಿಲ ಕೆಳಗೂ ಹೋಗಿರುತ್ತದೆ. ಪಾಯದ ಉದ್ದದಲ್ಲಿ ಬಾಗಿಲು ಕಳೆಯಬೇಡಿ. ಗೋಡೆಯಲ್ಲಿ ಮಾತ್ರ ಬಾಗಿಲು, ಕಿಟಕಿಯ ಜಾಗವನ್ನು ಆಮೇಲೆ ತೆಗೆಯಿರಿ.

ಸೆಂಟರ್ ಲೈನ್ ಕೈಕೊಡುವ ಜಾಗಗಳು

ಒಳಗೋಡೆ ತೆಳ್ಳಗೆ ಇದ್ದಾಗ ತಪ್ಪು ಜಾಸ್ತಿ. ನಮ್ಮ ಮನೆಯಲ್ಲೇ ನಡುಗೋಡೆ ನಾಲ್ಕೂವರೆ ಇಂಚಿನದು, ಅದರ ಗುಂಡಿ 2 ಅಡಿ ಅಗಲದ್ದು ಅಂದುಕೊಳ್ಳಿ. ಈಗ 88 ಅಂತ ಒಟ್ಟಿಗೆ ಕೂಡಿಸುವ ಹಾಗಿಲ್ಲ. ಹೊರಗೋಡೆಯ 76 ಅಡಿ ಬೇರೆ, ಒಳಗಿನ 12 ಅಡಿ ಬೇರೆ. ಒಳಗಿನದರಲ್ಲಿ ಎಷ್ಟು ಕಳೆಯಬೇಕು? ಅದು ನುಗ್ಗಿರುವುದು ಹೊರಗೋಡೆಯ ಗುಂಡಿಯೊಳಗೆ. ಹಾಗಾಗಿ ಕಳೆಯಬೇಕಾದ್ದು ಹೊರಗೋಡೆಯ ಅರ್ಧ ಅಗಲ, ತನ್ನದಲ್ಲ. ಒಂದೊಂದು ತುದಿಗೂ ಒಂದೂವರೆ ಅಡಿ ಹೋದರೆ 9 ಅಡಿ ಉಳಿಯುತ್ತದೆ. 'ಅರ್ಧ ಅಗಲ ಕಳೆ' ಅಂತ ಬಾಯಿಪಾಠ ಮಾಡಿದವರು ತನ್ನ ಅಗಲದ ಅರ್ಧ ಕಳೆದು 10 ಅಡಿ ಬರೆಯುತ್ತಾರೆ. ಪತ್ತೆ ಹಚ್ಚುವುದು ಸುಲಭ: ಗೋಡೆ ಮಟ್ಟದಲ್ಲಿ ಉತ್ತರ ರೂಮಿನ ಒಳ ಅಳತೆಗೆ, ಅಂದರೆ 11 ಅಡಿ 3 ಇಂಚಿಗೆ, ಸರಿಯಾಗಿ ಕೂರಬೇಕು. ವರಾಂಡದ ಗಿಡ್ಡ ಪಾಯಕ್ಕೂ ಹೀಗೆಯೇ. ಅಗಲ ಅಥವಾ ಆಳ ಬೇರೆಯಾದ ಗೋಡೆಗಳನ್ನೆಲ್ಲ ಬೇರೆ ಗುಂಪು ಮಾಡಿ. ಇಂಥ ಗುಂಪು ಮೂರು ನಾಲ್ಕು ಆದರೆ ಸೆಂಟರ್ ಲೈನ್‌ನ ಸುಲಭತನವೇ ಹೋಗಿಬಿಡುತ್ತದೆ. ಆಗ ಸುಮ್ನೆ ಉದ್ದಗೋಡೆ–ಅಡ್ಡಗೋಡೆಗೆ ಹೋಗಿ.

ಇನ್ನೊಂದು ಊರೊಳಗಿನ ಸೈಟುಗಳದ್ದು. ಪಕ್ಕದವರ ಜಾಗಕ್ಕೆ ಪಾಯ ಚಾಚುವ ಹಾಗಿಲ್ಲ. ಗೋಡೆಯನ್ನು ಗಡಿಗೇ ಇಟ್ಟರೆ ಸ್ಟೆಪ್‌ಗಳೆಲ್ಲ ನಮ್ಮ ಕಡೆಗೇ ಚಾಚಬೇಕು. ಆಗ ಎಲ್ಲ ಮಟ್ಟಕ್ಕೂ ಒಂದೇ ಗೆರೆ ಅನ್ನುವ ಮಾತು ನಿಲ್ಲುವುದಿಲ್ಲ. ನಮ್ಮ ಮನೆಯ ಒಂದು ತುದಿಯ ಅಡ್ಡಗೋಡೆ ಹೀಗೆ ಗಡಿಯಲ್ಲಿದೆ ಅಂತ ಇಟ್ಟುಕೊಳ್ಳಿ. ಗುಂಡಿಯ ನಡುಗೆರೆ ಗೋಡೆಯ ನಡುಗೆರೆಗಿಂತ 1.125 ಅಡಿ ಒಳಗೆ ಬರುತ್ತದೆ. ಎರಡೂ ಉದ್ದದ ಗೆರೆ ಅಷ್ಟಷ್ಟು ಚಿಕ್ಕದಾಗುತ್ತವೆ. 88ರ ಬದಲು 85.75, ಅದರಲ್ಲಿ 3 ಕಳೆದರೆ 82.75. ಹಳೇ 85 ಹಿಡಿದರೆ ಅಗೆತ 27 ಘನ ಅಡಿ ಜಾಸ್ತಿ ಬರುತ್ತದೆ. ಎರಡನೇ ಸ್ಟೆಪ್‌ಗೆ ಈ ಜರುಗುವಿಕೆ ಇನ್ನೂ ಬೇರೆ. ಗಡಿ ಗೋಡೆ ಇರುವ ಮನೆಗೆ ನಾನು ಸೆಂಟರ್ ಲೈನ್ ಹಾಕುವುದೇ ಇಲ್ಲ.

ಮೂರನೆಯದು ಟಾಯ್ಲೆಟ್. ಒಳಗೆ 3 ಅಡಿ ಅಗಲದ ಟಾಯ್ಲೆಟ್‌ನ ಎರಡು ಗೋಡೆಯ ಗೆರೆಗಳ ನಡುವೆ ಇರುವುದು ಮುಕ್ಕಾಲು ಅಡಿ ಸೇರಿ ಮೂರೂ ಮುಕ್ಕಾಲು ಅಡಿ. ಎರಡು ಕಡೆಯ 3 ಅಡಿ ಗುಂಡಿ ತೋಡಿದರೆ ನಡುವೆ ಉಳಿಯುವುದು 9 ಇಂಚು ಮಣ್ಣು. ಅದು ನಿಲ್ಲುವುದಿಲ್ಲ, ಕುಸಿಯುತ್ತದೆ. ಕೆಲಸದವರು ಪೂರ್ತಿ ಒಂದೇ ಗುಂಡಿ ಮಾಡಿಬಿಡುತ್ತಾರೆ. ಅಗೆತವನ್ನು ಅಲ್ಲಿ ಒಂದು ಚೌಕದ ಹಾಗೆ, ಉದ್ದ ಅಗಲ ಆಳ ಅಂತ ಅಳೆಯಿರಿ. ಕಲ್ಲಿಗೆ ಮಾತ್ರ ಗೆರೆಯ ಲೆಕ್ಕ ನಡೆಯುತ್ತದೆ.

ಕಾಲಮ್ ಹಾಕಿ ಕಟ್ಟುವ ಮನೆಗೆ ಪಾಯದ ಗುಂಡಿ ಒಂದೊಂದು ಕಾಲಮ್‌ಗೂ ಬೇರೆ. ಅಲ್ಲಿ ಸೆಂಟರ್ ಲೈನ್ ಉಪಯೋಗಕ್ಕೆ ಬರುವುದು ಪ್ಲಿಂತ್ ಬೀಮಿಗೆ, ಗೋಡೆಗೆ. ಗೋಡೆಯಲ್ಲಿ ಕಾಲಮ್ ನಿಂತ ಜಾಗವನ್ನು ಕಳೆಯಬೇಕು.

ಎರಡನ್ನೂ ಹಾಕಿ ತಾಳೆ ನೋಡುವುದು

ನಾನು ಎಸ್ಟಿಮೇಟ್‌ಗೆ ಸೆಂಟರ್ ಲೈನ್ ಹಾಕಿ, ಆಮೇಲೆ ಗುಂಡಿ ಮತ್ತು ಗೋಡೆ ಎರಡು ಮಟ್ಟಕ್ಕೆ ಮಾತ್ರ ಉದ್ದಗೋಡೆ–ಅಡ್ಡಗೋಡೆ ಹಾಕಿ ನೋಡುತ್ತೇನೆ. ಎರಡನೆಯದನ್ನು ಪ್ಲಾನಿನ ಹೊರ ಅಳತೆ, ಒಳ ಅಳತೆಯಿಂದಲೇ ಶುರುಮಾಡಬೇಕು. 26 ಅಡಿ ಸೆಂಟರ್ ಅಳತೆಯಿಂದ ಶುರುಮಾಡಿದರೆ, ಆ 26ರಲ್ಲೇ ತಪ್ಪಿದ್ದರೆ ಎರಡೂ ಒಂದೇ ತಪ್ಪು ಉತ್ತರ ಕೊಟ್ಟು ಸುಮ್ಮನಿರುತ್ತವೆ.

ಉತ್ತರ ತಾಳೆಯಾಗದಿದ್ದರೆ ವ್ಯತ್ಯಾಸ ಎಷ್ಟು ಅಂತ ನೋಡಿ. ಅದೇ ತಪ್ಪಿನ ಜಾಗ ಹೇಳುತ್ತದೆ. ಗುಂಡಿಯಲ್ಲಿ ಒಂದೂವರೆ ಅಡಿ, ಗೋಡೆಯಲ್ಲಿ ನಾಲ್ಕೂವರೆ ಇಂಚು ವ್ಯತ್ಯಾಸ ಬಂದರೆ ಅದು ಆಯಾ ಮಟ್ಟದ ಅರ್ಧ ಅಗಲ. ಒಂದು ಟಿ ಜಂಕ್ಷನ್ ಬಿಟ್ಟುಹೋಗಿದೆ, ಇಲ್ಲವೇ ಒಂದು ಮೂಲೆಯನ್ನು ಟಿ ಅಂತ ಎಣಿಸಿದ್ದೀರಿ. ಅದರ ಬದಲು ಎರಡೂ ಮಟ್ಟದಲ್ಲಿ ವ್ಯತ್ಯಾಸ ಒಂದೇ ಇದ್ದರೆ ಜಂಕ್ಷನ್ ಹುಡುಕಬೇಡಿ. ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ, ಗೆರೆಯ ಉದ್ದವನ್ನೇ ತಪ್ಪು ಕೂಡಿಸಿದ್ದೀರಿ. ಅಕ್ಕನ ಮನೆಗೆ ಮೊದಲ ಸಲ ಹಾಕಿದಾಗ ನನಗೆ ಗುಂಡಿಯಲ್ಲೂ ಗೋಡೆಯಲ್ಲೂ ಒಂದೂವರೆ ಅಡಿ ಕಡಿಮೆ ಬಂದಿತ್ತು. ಹಿಂದಕ್ಕೆ ಹೋಗಿ ನೋಡಿದರೆ, 10 ಅಡಿ 3 ಇಂಚಿಗೂ 14 ಅಡಿ 3 ಇಂಚಿಗೂ ಹೊರಗಿನ ಅರ್ಧರ್ಧ ಗೋಡೆ ಸೇರಿಸಿದ್ದೆ. ನಡುಗೋಡೆಯ 9 ಇಂಚನ್ನು ಮರೆತಿದ್ದೆ. ಉದ್ದದ ಗೆರೆ ಎರಡಲ್ವಾ, ಅದಕ್ಕೇ ಒಂದೂವರೆ ಅಡಿ.